ಆರೋಗ್ಯವಾಗಿರುವವರಿಗೆ ಫೈಲೇರಿಯಾ ಮಾತ್ರೆ ಯಾಕೆ? – ನನ್ನ ಅನುಭವ

ನಾನು ಫೈಲೇರಿಯಾ, ಅಂದರೆ ಆನೆಕಾಲು ರೋಗದ ನಿಯಂತ್ರಣ ಕಾರ್ಯಕ್ರಮದಲ್ಲಿ ಲ್ಯಾಬ್ ಟೆಕ್ನಿಷಿಯನ್. ರಾತ್ರಿ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತೇನೆ, ಹಗಲು ಸ್ಲೈಡ್ ನೋಡುತ್ತೇನೆ. ಸಾಮೂಹಿಕ ಮಾತ್ರೆ ಸುತ್ತು ಬಂದಾಗ ಮಾತ್ರೆ ನುಂಗಿಸುವ ತಂಡದ ಜೊತೆಗೂ ಹೋಗುತ್ತೇನೆ. ಎಲ್ಲ ಕಡೆ ನನಗೆ ಎದುರಾಗುವ ಪ್ರಶ್ನೆ ಒಂದೇ. "ನಂಗೇನೂ ಆಗಿಲ್ವಲ್ಲ ಮೇಡಂ, ನಂಗ್ಯಾಕೆ ಮಾತ್ರೆ? ಕಾಲು ಊದಿರೋರಿಗೆ ಕೊಡಿ." ಈ ಪ್ರಶ್ನೆಗೆ ಒಂದು ಮನೆಯ ಎರಡು ಸ್ಲೈಡ್‌ಗಳನ್ನು ಇಟ್ಟುಕೊಂಡು ಉತ್ತರ ಹೇಳುತ್ತೇನೆ.

ಆ ಮನೆಯಲ್ಲಿ ಒಬ್ಬ ಅಜ್ಜಿ. ಎಡಗಾಲು ಮೊಣಕಾಲಿನವರೆಗೆ ಊದಿದೆ. ಚರ್ಮ ದಪ್ಪವಾಗಿದೆ, ಪಾದದ ಹತ್ತಿರ ಮಡಿಕೆ ಬಿದ್ದಿದೆ. ಜೊತೆಗೆ ಮೊಮ್ಮಗ. ಇಪ್ಪತ್ತರ ಆಸುಪಾಸಿನ ಹುಡುಗ, ಗಟ್ಟಿಮುಟ್ಟಾಗಿದ್ದಾನೆ, ಜ್ವರ ಅಂತ ಮಲಗಿದ್ದೇ ಕಡಿಮೆ. ರಾತ್ರಿ ಹತ್ತರ ಮೇಲೆ ಇಬ್ಬರ ಬೆರಳನ್ನೂ ಚುಚ್ಚಿ ರಕ್ತ ತೆಗೆದೆ. ಈ ಹೊತ್ತಿಗೂ ಕಾರಣ ಇದೆ. ವುಚೆರೇರಿಯಾ ಬ್ಯಾಂಕ್ರಾಫ್ಟಿ ಅನ್ನುವ ಹುಳುವಿನ ಮರಿಗಳು, ಅಂದರೆ ಮೈಕ್ರೋಫೈಲೇರಿಯಾಗಳು, ಹಗಲು ಹೆಚ್ಚಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸೇರಿಕೊಂಡಿರುತ್ತವೆ. ರಾತ್ರಿ ಹತ್ತರಿಂದ ಎರಡರ ಹೊತ್ತಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ಅದೇ ಹೊತ್ತಿನಲ್ಲಿ. ಮಧ್ಯಾಹ್ನ ರಕ್ತ ತೆಗೆದು ನೋಡಿದರೆ ಹುಳು ಇರುವವರ ಸ್ಲೈಡ್ ಕೂಡ ಖಾಲಿ ಕಾಣಬಹುದು.

ಒಬ್ಬೊಬ್ಬರಿಗೂ ಇಪ್ಪತ್ತು ಮೈಕ್ರೋಲೀಟರ್‌ನ ಮೂರು ದಪ್ಪ ಗೆರೆ ಎಳೆಯುತ್ತೇವೆ, ಒಟ್ಟು ಅರವತ್ತು ಮೈಕ್ರೋಲೀಟರ್. ರಾತ್ರಿಯೆಲ್ಲಾ ಒಣಗಲು ಬಿಡುತ್ತೇವೆ. ಮರುದಿನ ನೀರಲ್ಲಿ ಅದ್ದಿದರೆ ಕೆಂಪು ಬಣ್ಣ ಬಿಟ್ಟು ಗೆರೆ ಬೆಳ್ಳಗಾಗುತ್ತದೆ. ಆಮೇಲೆ ಜಿಮ್ಸಾ ಬಣ್ಣ ಹಾಕುತ್ತೇವೆ. ಗೆರೆ ಸರಿಯಾಗಿ ಒಣಗದಿದ್ದರೆ ನೀರಿಗೆ ಹಾಕಿದ ಕೂಡಲೇ ಕಿತ್ತು ಬರುತ್ತದೆ, ಜೊತೆಗೆ ಮೈಕ್ರೋಫೈಲೇರಿಯಾನೂ ಹೋಗುತ್ತದೆ. ಹಾಗಾಗಿ ಒಣಗಿಸುವ ವಿಷಯದಲ್ಲಿ ನಾನು ಅವಸರ ಮಾಡುವುದೇ ಇಲ್ಲ.

ಅಜ್ಜಿಯ ಸ್ಲೈಡ್‌ನಲ್ಲಿ ಒಂದೂ ಇರಲಿಲ್ಲ. ಹುಡುಗನ ಸ್ಲೈಡ್‌ನಲ್ಲಿ ಇಪ್ಪತ್ನಾಲ್ಕು ಇದ್ದವು. ನಯವಾಗಿ ಬಾಗಿದ ಮೈ, ಸುತ್ತ ತೆಳುವಾದ ಪೊರೆ, ಒಳಗೆ ಬಿಡಿಬಿಡಿಯಾಗಿ ನೇರಳೆ ಚುಕ್ಕೆಗಳು. ಬಾಲದ ತುದಿಯಲ್ಲಿ ಮಾತ್ರ ಚುಕ್ಕೆ ಇಲ್ಲ. ಬ್ಯಾಂಕ್ರಾಫ್ಟಿ ಅಂತ ಗುರುತಿಸುವುದು ಆ ಖಾಲಿ ತುದಿಯಿಂದಲೇ. ಫೈಲೇರಿಯಾ ತರುವ ಇನ್ನೊಂದು ಹುಳು ಬ್ರೂಗಿಯಾ ಮಲಾಯಿ ಆಗಿದ್ದರೆ ಬಾಲದ ತುದಿಯ ಕಡೆ ಎರಡು ಚುಕ್ಕೆ ಕಾಣುತ್ತಿದ್ದವು.

ಊದಿದ ಕಾಲಿನವರ ರಕ್ತದಲ್ಲಿ ಇಲ್ಲ, ಏನೂ ಆಗದ ಹುಡುಗನ ರಕ್ತದಲ್ಲಿ ಇದೆ. ಇದು ಅಪರೂಪ ಅಲ್ಲ, ನಾನು ಜಾಸ್ತಿ ನೋಡಿರುವುದು ಹೀಗೇ. ಹುಳುವಿನ ಬದುಕನ್ನು ನೋಡಿದರೆ ಯಾಕೆ ಅಂತ ಅರ್ಥ ಆಗುತ್ತದೆ.

ಸೋಂಕು ಹೊತ್ತ ಸೊಳ್ಳೆ ಕಚ್ಚುವಾಗ ಲಾರ್ವಾ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ. ಸೊಳ್ಳೆಯ ಸೊಂಡಿಲಿನಿಂದ ಚರ್ಮದ ಮೇಲೆ ಇಳಿದು, ಕಚ್ಚಿದ ತೂತಿನ ಮೂಲಕ ತೆವಳಿ ಒಳಗೆ ಹೋಗುತ್ತದೆ. ಎಷ್ಟೋ ಲಾರ್ವಾಗಳು ಅಲ್ಲೇ ಒಣಗಿ ಸಾಯುತ್ತವೆ. ಒಳಗೆ ಹೋದದ್ದು ಮೈಯೊಳಗಿನ ದ್ರವ ಸಾಗಿಸುವ ದುಗ್ಧರಸ ನಾಳ ಸೇರಿ, ಆರು ತಿಂಗಳಿಂದ ಒಂದು ವರ್ಷದಲ್ಲಿ ದೊಡ್ಡ ಹುಳುವಾಗುತ್ತದೆ. ಹೆಣ್ಣು ಹೊಲಿಗೆ ದಾರದ ಹಾಗೆ ಸಣ್ಣ, ಉದ್ದ ಎಂಟು-ಹತ್ತು ಸೆಂಟಿಮೀಟರ್. ಗಂಡು ಅದರ ಅರ್ಧದಷ್ಟು. ಅವು ಹಲವು ವರ್ಷ ಬದುಕುತ್ತವೆ, ಸಾಮಾನ್ಯವಾಗಿ ಆರರಿಂದ ಎಂಟು ವರ್ಷ ಅಂತ ಹೇಳುತ್ತಾರೆ. ಅಷ್ಟು ಕಾಲವೂ ಹೆಣ್ಣು ಲಕ್ಷಗಟ್ಟಲೆ ಮೈಕ್ರೋಫೈಲೇರಿಯಾ ಹಾಕುತ್ತಲೇ ಇರುತ್ತದೆ. ಹುಡುಗ ಇದ್ದದ್ದು ಈ ಹಂತದಲ್ಲಿ. ಅಜ್ಜಿಯ ಮೈಯಲ್ಲಿದ್ದ ಹುಳುಗಳು ಎಂದೋ ಸತ್ತಿರಬೇಕು. ಆದರೆ ನಾಳಕ್ಕೆ ಆದ ಹಾನಿ ಹಾಗೇ ಉಳಿದಿದೆ.

ಹುಳು ಬದುಕಿದ್ದಾಗಲೇ ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದ ಕವಾಟಗಳು ಸರಿಯಾಗಿ ಮುಚ್ಚುವುದಿಲ್ಲ, ದ್ರವ ಮೇಲೆ ಹೋಗದೆ ಕಾಲಲ್ಲೇ ನಿಲ್ಲುತ್ತದೆ. ಹುಳು ಸತ್ತಾಗ ಆ ಜಾಗದಲ್ಲಿ ಉರಿಯೂತ ಆಗುತ್ತದೆ. ಆದರೆ ಸಣ್ಣ ಊತ ಆನೆಕಾಲಿನ ಮಟ್ಟಕ್ಕೆ ಹೋಗುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ದ್ರವ ನಿಂತ ಕಾಲಿನಲ್ಲಿ ಬೆರಳ ಸಂದಿ ಒಂದಿಷ್ಟು ಬಿರುಕು ಬಿಟ್ಟರೂ ಸಾಕು, ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಚಳಿ ಜ್ವರ, ತೊಡೆ ಸಂದಿಯಲ್ಲಿ ಗಂಟು, ಕಾಲು ಕೆಂಪಾಗಿ ಕೆಂಡದಂತೆ ಬಿಸಿ. ಕೆಲವು ದಿನಕ್ಕೆ ಜ್ವರ ಇಳಿಯುತ್ತದೆ, ಊತ ಮಾತ್ರ ಪೂರ್ತಿ ಇಳಿಯುವುದಿಲ್ಲ. ಮುಂದಿನ ಸಲ ಇನ್ನಷ್ಟು ಸೇರಿಕೊಳ್ಳುತ್ತದೆ. ಅಜ್ಜಿ ವರ್ಷದಲ್ಲಿ ಹಲವು ಸಲ ಹೀಗೆ ಮಲಗುತ್ತಿದ್ದರು.

ಹಾಗಾಗಿ ಅಜ್ಜಿಗೆ ಮೊದಲು ಬೇಕಾಗಿದ್ದದ್ದು ಕಾಲು ತೊಳೆಯುವ ಅಭ್ಯಾಸ. ನಾನೇ ಕೂತು ತೋರಿಸಿದೆ. ತಣ್ಣನೆ ನೀರು, ಸಾದಾ ಸೋಪು. ಮೊಣಕಾಲಿನಿಂದ ಕೆಳಗೆ ಮೆಲ್ಲಗೆ ತೊಳೆದು, ಪ್ರತಿ ಮಡಿಕೆಯನ್ನೂ ಬಿಡಿಸಿ, ಬೆರಳ ಸಂದಿಗೆ ತೆಳು ಬಟ್ಟೆ ತೂರಿಸಿ ಉಜ್ಜದೆ ಒತ್ತಿ ಒಣಗಿಸಬೇಕು. ಅಜ್ಜಿಯ ನಾಲ್ಕನೇ ಮತ್ತು ಕಿರುಬೆರಳ ನಡುವೆ ಬೆಳ್ಳಗೆ ನೆನೆದ ಚರ್ಮ ಇತ್ತು, ಅದರ ಕೆಳಗೆ ಸಣ್ಣ ಬಿರುಕು. "ಅಜ್ಜಿ, ನಿಮ್ಮ ಜ್ವರ ಒಳಗೆ ಬರೋದು ಇಲ್ಲಿಂದಾನೇ ನೋಡಿ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಆದರೂ ಡಾಕ್ಟರು ಬರೆದುಕೊಟ್ಟ ಶಿಲೀಂಧ್ರದ ಮುಲಾಮು ಹಚ್ಚಿದರು. ಕೂತಾಗ ಕಾಲು ಎತ್ತಿಡಬೇಕು, ಪಾದ ಮೇಲೆ ಕೆಳಗೆ ಆಡಿಸಬೇಕು. ಜ್ವರ ಬಂದ ದಿನ ಮಾತ್ರ ವ್ಯಾಯಾಮ ಬೇಡ, ವಿಶ್ರಾಂತಿ ತಗೊಂಡು ಡಾಕ್ಟರಿಗೆ ತೋರಿಸಬೇಕು. ಕೆಲವು ತಿಂಗಳಲ್ಲಿ ಜ್ವರ ಬರುವುದು ಕಡಿಮೆ ಆಯಿತು, ಚರ್ಮ ಮೆತ್ತಗಾಯಿತು. ಕಾಲು ಮೊದಲಿನ ಹಾಗೆ ಆಗಲಿಲ್ಲ. ಆಗುತ್ತದೆ ಅಂತ ನಾವು ಹೇಳಿಯೂ ಇರಲಿಲ್ಲ.

ಈಗ ಹುಡುಗನ ವಿಷಯ. ಅರವತ್ತು ಮೈಕ್ರೋಲೀಟರ್‌ಗೆ ಇಪ್ಪತ್ನಾಲ್ಕು ಅಂದರೆ ಒಂದು ಮಿಲಿಲೀಟರ್‌ಗೆ ನಾನೂರು. ಸೊಳ್ಳೆ ಒಂದು ಸಲಕ್ಕೆ ಕುಡಿಯುವುದು ಸುಮಾರು ಎರಡು-ಮೂರು ಮೈಕ್ರೋಲೀಟರ್ ರಕ್ತ. ಲೆಕ್ಕ ಹಾಕಿದರೆ ಅವನನ್ನು ಕಚ್ಚಿದ ಸೊಳ್ಳೆಗೆ ಸರಾಸರಿ ಒಂದು ಮೈಕ್ರೋಫೈಲೇರಿಯಾ ಸಿಗುತ್ತದೆ. ಆ ಒಂದು ಮರಿ ಸೊಳ್ಳೆಯೊಳಗೆ ಹತ್ತಾಗುವುದಿಲ್ಲ. ಮಲೇರಿಯಾ ರೋಗಾಣು ಸೊಳ್ಳೆಯಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಈ ಹುಳು ಹಾಗಲ್ಲ. ಒಂದು ಒಳಗೆ ಹೋದರೆ ಹೆಚ್ಚೆಂದರೆ ಒಂದು ಲಾರ್ವಾ ಹೊರಗೆ. ಅದು ಸೊಳ್ಳೆಯ ಎದೆಯ ಸ್ನಾಯು ಸೇರಿ ಬಲಿಯಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಷ್ಟರೊಳಗೆ ಎಷ್ಟೋ ಸೊಳ್ಳೆಗಳು ಸಾಯುತ್ತವೆ. ಇನ್ನೊಬ್ಬರ ಮೈಗೆ ಇಳಿದ ಲಾರ್ವಾ ದೊಡ್ಡದಾದರೂ, ಜೋಡಿ ಸಿಗದಿದ್ದರೆ ಮರಿ ಇಲ್ಲ. ಅಂದರೆ ಒಬ್ಬರ ರಕ್ತದಲ್ಲಿ ಮೈಕ್ರೋಫೈಲೇರಿಯಾ ಕಾಣಿಸಿಕೊಳ್ಳುವ ಮೊದಲು ಅವರಿಗೆ ಇಂಥ ಕಡಿತಗಳು ಸಾವಿರಗಟ್ಟಲೆ ಆಗಿರಬೇಕು. ಈ ಹುಳು ಹರಡುವುದು ಬಹಳ ಕಷ್ಟಪಟ್ಟು.

ಸಾಮೂಹಿಕ ಮಾತ್ರೆ ಕೆಲಸ ಮಾಡುವುದು ಇದೇ ಕಾರಣಕ್ಕೆ. ಊರಿನ ಬಹುಪಾಲು ಜನರ ರಕ್ತದಿಂದ ಮೈಕ್ರೋಫೈಲೇರಿಯಾ ಹೋದರೆ ಸೊಳ್ಳೆ ಕಚ್ಚಿದರೂ ಒಯ್ಯಲು ಏನೂ ಸಿಗುವುದಿಲ್ಲ. ಸುತ್ತಿನಲ್ಲಿ ಕೊಡುವ ಎರಡು ಔಷಧಿ, ಡಿಇಸಿ ಮತ್ತು ಆಲ್ಬೆಂಡಜೋಲ್, ಒಟ್ಟಿಗೆ ಕೊಟ್ಟರೆ ಮರಿಗಳು ಬೇಗ ಕಡಿಮೆ ಆಗುತ್ತವೆ, ದೊಡ್ಡ ಹುಳುಗಳಲ್ಲಿ ಕೆಲವು ಮಾತ್ರ ಸಾಯುತ್ತವೆ. ಉಳಿದವು ಮತ್ತೆ ಮರಿ ಹಾಕಲು ಶುರು ಮಾಡುತ್ತವೆ. ಅದಕ್ಕೇ ವರ್ಷಕ್ಕೊಂದು ಸುತ್ತು, ಕನಿಷ್ಠ ಐದು ವರ್ಷ, ಪ್ರತಿ ಸಲ ಒಟ್ಟು ಜನಸಂಖ್ಯೆಯ ಕನಿಷ್ಠ 65% ಜನ ನುಂಗಬೇಕು. ದೊಡ್ಡ ಹುಳು ಮುದಿಯಾಗುವವರೆಗೆ ಅದರ ಮರಿಗಳನ್ನು ಸೊಳ್ಳೆಗೆ ಸಿಗದ ಹಾಗೆ ತಡೆಯುವುದೇ ಇದರ ಲೆಕ್ಕ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲವು ಪ್ರದೇಶಗಳಿಗೆ ಐವರ್ಮೆಕ್ಟಿನ್ ಕೂಡ ಸೇರಿಸಿದ ಮೂರು ಔಷಧಿಯ ಚಿಕಿತ್ಸೆ ಸೂಚಿಸಿತು. ಅದರಿಂದ ಮರಿಗಳು ಹೆಚ್ಚು ಪೂರ್ತಿಯಾಗಿ, ಹೆಚ್ಚು ಕಾಲ ಇಲ್ಲವಾಗುತ್ತವೆ, ಸುತ್ತುಗಳೂ ಕಡಿಮೆ ಸಾಕಾಗಬಹುದು. ಇನ್ನೊಂದು ಹುಳುವಿನಿಂದ ಬರುವ ನದಿಕುರುಡು ರೋಗ ಇರುವ ದೇಶಗಳಲ್ಲಿ ಮಾತ್ರ ಡಿಇಸಿ ಹೀಗೆ ಹಂಚುವಂತಿಲ್ಲ, ಅಲ್ಲಿ ಅದರಿಂದ ಕಣ್ಣಿಗೇ ಅಪಾಯ.

ಈ ಹುಡುಗ ಹಿಂದಿನ ಸುತ್ತುಗಳಲ್ಲಿ ಮಾತ್ರೆ ತಗೊಂಡಿರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಅವನ ಹೆಸರಿನ ಮುಂದೆ ಗುರುತು ಇತ್ತು. ಕೇಳಿದರೆ ವಿಷಯ ಗೊತ್ತಾಯಿತು. ಅವನು ಹಗಲು ಕೆಲಸಕ್ಕೆ ಹೋಗಿದ್ದ, ಮಾತ್ರೆಯನ್ನು ಮನೆಯವರ ಕೈಗೆ ಕೊಟ್ಟಿದ್ದಾರೆ, ಅದು ಕಪಾಟಿನಲ್ಲೇ ಉಳಿದಿದೆ. ಕೊಟ್ಟದ್ದು ಬೇರೆ, ನುಂಗಿದ್ದು ಬೇರೆ. ಪ್ರತಿ ವರ್ಷ ಬೇರೆ ಬೇರೆಯವರು ತಪ್ಪಿಸಿಕೊಂಡರೆ ಅಷ್ಟು ತೊಂದರೆ ಇಲ್ಲ. ಅದೇ ಜನ ಪ್ರತಿ ಸಲ ತಪ್ಪಿಸಿಕೊಂಡರೆ ಹುಳು ಅವರಲ್ಲೇ ಉಳಿದುಬಿಡುತ್ತದೆ. ಅದರಲ್ಲೂ ಕೆಲಸಕ್ಕೆ ಹೋಗುವ ವಯಸ್ಸಿನ ಗಂಡಸರೇ ಜಾಸ್ತಿ. ಈಗ ನಮ್ಮ ತಂಡ ಸಂಜೆ ಹೋಗುತ್ತದೆ, ಎದುರಲ್ಲೇ ನುಂಗಿಸುತ್ತದೆ.

ಅವನು ಊಟ ಮಾಡಿ ಮಾತ್ರೆಗಳನ್ನು ನುಂಗಿದ. ಮರುದಿನ ಬೆಳಿಗ್ಗೆ ಅವನಿಗೆ ಜ್ವರ, ತಲೆನೋವು, ಮೈಕೈ ನೋವು. ಅವನ ಅಮ್ಮ ಕೋಪದಲ್ಲೇ ಫೋನ್ ಮಾಡಿದರು. "ಚೆನ್ನಾಗಿದ್ದ ಹುಡುಗನ್ನ ಮಲಗಿಸಿಬಿಟ್ರಲ್ಲ!" ನಾನು ಹೋಗಿ ಕೂತು ಕೇಳಿದೆ. "ನೀವೂ ತಗೊಂಡ್ರಿ, ಅಜ್ಜಿನೂ ತಗೊಂಡ್ರು. ನಿಮಗೇನಾದ್ರೂ ಆಯ್ತಾ?" ಇಲ್ಲ. ಅದೇ ಮಾತ್ರೆ, ಅದೇ ದಿನ. ವ್ಯತ್ಯಾಸ ಇದ್ದದ್ದು ಅವನ ರಕ್ತದಲ್ಲಿ. ಒಮ್ಮೆಲೇ ಸಾಯುವ ಮೈಕ್ರೋಫೈಲೇರಿಯಾಗಳಿಗೆ ಮೈ ಪ್ರತಿಕ್ರಿಯೆ ತೋರಿಸುತ್ತದೆ, ಅದೇ ಜ್ವರ. ಪ್ಯಾರಾಸಿಟಮಾಲ್ ಕೊಟ್ಟೆವು, ಎರಡು ದಿನದಲ್ಲಿ ಎದ್ದು ಓಡಾಡಿದ. ಮೊದಲೇ ಹೀಗಾಗಬಹುದು ಅಂತ ಹೇಳಿಟ್ಟರೆ ಜನ ಹೆದರುವುದು ಎಷ್ಟೋ ಕಡಿಮೆ. ಯಾರೂ ಹೇಳದಿದ್ದರೆ ಒಬ್ಬರ ಜ್ವರ ಇಡೀ ಬೀದಿಯ ಮಾತ್ರೆ ನಿಲ್ಲಿಸಿಬಿಡುತ್ತದೆ.

ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆ ಇರುವವರು – ಇವರಿಗೆ ನಾವು ಕೊಡುವುದಿಲ್ಲ. ಅಜ್ಜಿಗೂ ಕಾಲಿನ ಜ್ವರ ಇದ್ದ ಹೊತ್ತಿನಲ್ಲಿ ಕೊಟ್ಟಿರಲಿಲ್ಲ, ಇಳಿದ ಮೇಲೆ ಕೊಟ್ಟದ್ದು.

"ಇನ್ನು ನನ್ನ ಕಾಲು ಊದಲ್ಲ ಅಲ್ವಾ?" ಅಂತ ಹುಡುಗ ಕೇಳಿದ. ಖಂಡಿತ ಊದಲ್ಲ ಅಂತ ಹೇಳುವ ಹಾಗಿಲ್ಲ, ಒಳಗೆ ನಾಳ ಈಗಾಗಲೇ ಎಷ್ಟು ಹಿಗ್ಗಿದೆಯೋ ಸ್ಲೈಡ್‌ನಲ್ಲಿ ಕಾಣುವುದಿಲ್ಲ. ಹೊಸ ಹುಳು ಸೇರದಿದ್ದರೆ ಹಾನಿಯೂ ಹೆಚ್ಚುತ್ತಾ ಹೋಗುವುದಿಲ್ಲ ಅಂದೆ. ಗಂಡಸರಲ್ಲಿ ಹುಳು ಹೆಚ್ಚಾಗಿ ವೃಷಣದ ಸುತ್ತಲಿನ ನಾಳಗಳಲ್ಲಿ ಇರುತ್ತದೆ, ಅಲ್ಲಿ ಊತ ಕಂಡರೆ ಮುಚ್ಚಿಡದೆ ಬಾ, ಆಪರೇಷನ್‌ನಿಂದ ಅದು ಸರಿಹೋಗುತ್ತದೆ ಅಂತಲೂ ಹೇಳಿದೆ. ಒಂದು ವರ್ಷದ ಮೇಲೆ ಅವನ ರಾತ್ರಿ ಸ್ಲೈಡ್ ಖಾಲಿ ಇತ್ತು. ಸಣ್ಣ ಪಟ್ಟಿಯ ಮೇಲೆ ರಕ್ತ ಹಾಕಿ ನೋಡುವ ಪಟ್ಟಿ ಪರೀಕ್ಷೆ ಮಾತ್ರ ಇನ್ನೂ ಪಾಸಿಟಿವ್. ಅದು ಗುರುತಿಸುವುದು ದೊಡ್ಡ ಹುಳುವಿನ ಅಂಶವನ್ನು. ಅದಕ್ಕೇ ಮುಂದಿನ ಸುತ್ತನ್ನೂ ಬಿಡಬೇಡ ಅಂದೆ, ಬಿಡಲಿಲ್ಲ.

ಸುತ್ತುಗಳು ಮುಗಿದ ಮೇಲೆ ಹರಡುವುದು ನಿಂತಿದೆಯಾ ಅಂತ ನೋಡಲು ಆರು-ಏಳು ವರ್ಷದ ಮಕ್ಕಳನ್ನು ಪರೀಕ್ಷೆ ಮಾಡುತ್ತೇವೆ. ಅವರ ಬದುಕಿನ ಬಹುಭಾಗ ಮಾತ್ರೆ ಕೊಟ್ಟ ವರ್ಷಗಳಲ್ಲೇ ಕಳೆದಿದೆ, ಅವರಲ್ಲಿ ಹುಳು ಇದ್ದರೆ ಅದು ಇತ್ತೀಚೆಗೆ ಸೇರಿದ್ದು. ಎಪ್ಪತ್ತೈದು ಮೈಕ್ರೋಲೀಟರ್ ರಕ್ತ ಪಟ್ಟಿಗೆ ಹಾಕಿ ಸರಿಯಾಗಿ ಹತ್ತನೇ ನಿಮಿಷಕ್ಕೆ ಓದಬೇಕು. ತಡ ಮಾಡಿದರೆ ಇಲ್ಲದ ಗೆರೆಯೂ ಮೂಡಬಹುದು, ಹಾಗಾಗಿ ಪ್ರತಿ ಪಟ್ಟಿಯ ಮೇಲೆ ಹೊತ್ತು ಬರೆದಿಡುತ್ತೇನೆ. ಪಾಸಿಟಿವ್ ಬಂದ ಮಗು ಸಿಕ್ಕರೆ ಆ ಮನೆಗೂ ಸುತ್ತಲಿನ ಮನೆಗಳಿಗೂ ರಾತ್ರಿ ಮತ್ತೆ ಸ್ಲೈಡ್ ತಗೊಂಡು ಹೋಗುತ್ತೇವೆ. ನಾನು ಅಲ್ಲಿ ಮೊದಲು ಕೇಳುವುದು, ಈ ಮನೆಯಲ್ಲಿ ಯಾವತ್ತೂ ಮಾತ್ರೆ ನುಂಗದವರು ಯಾರು ಅಂತ.