ನೂರಕ್ಕೆ ಹತ್ತು, ಹದಿನೈದು ಸಾವಿರದವರೆಗೆ ಮಾತ್ರ

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಶಿವಮೊಗ್ಗದ ಅಂಗಡಿಯೊಂದರಲ್ಲಿ ₹38,000 ಬೆಲೆಯ ಫ್ರಿಜ್ ಕೊಂಡೆ. ಬಾಗಿಲಲ್ಲೇ ನಿಲ್ಲಿಸಿದ್ದ ಫಲಕದಲ್ಲಿ ‘ಕ್ರೆಡಿಟ್ ಕಾರ್ಡ್ ಇಎಂಐ ಮೇಲೆ 10% ಕ್ಯಾಶ್‌ಬ್ಯಾಕ್’ ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ‘ಗರಿಷ್ಠ ₹1,500’ ಎಂಬುದನ್ನು ನಾನು ಓದಿರಲಿಲ್ಲ ಎನ್ನಲಾರೆ. ಓದಿದ್ದೆ, ಆದರೆ ಅದರ ಅರ್ಥವನ್ನು ಲೆಕ್ಕ ಹಾಕಿರಲಿಲ್ಲ. ₹3,800 ತಿರುಗಿ ಬರುತ್ತದೆಂದು ಮನಸ್ಸಿನಲ್ಲಿಟ್ಟುಕೊಂಡು ಬೆಲೆಯ ಬಗ್ಗೆ ಹೆಚ್ಚು ಚೌಕಾಸಿ ಮಾಡದೆ ಕಾರ್ಡ್ ಉಜ್ಜಿದೆ. ಬಂದದ್ದು ₹1,500, ಅದೂ ನಾಲ್ಕು ತಿಂಗಳ ನಂತರ. ಇಎಂಐ ಮಾಡಿದ್ದಕ್ಕೆ ಬ್ಯಾಂಕು ₹199 ಸಂಸ್ಕರಣಾ ಶುಲ್ಕವನ್ನೂ ಅದರ ಮೇಲೆ 18% ಜಿಎಸ್‌ಟಿಯನ್ನೂ ಹಾಕಿತ್ತು, ಒಟ್ಟು ₹234.82. ಅದನ್ನು ಕಳೆದರೆ ಕೈಯಲ್ಲಿ ಉಳಿದದ್ದು ₹1,265.18, ಅಂದರೆ ಫ್ರಿಜ್ಜಿನ ಬೆಲೆಯ ಶೇಕಡಾ 3.33. ಬಡ್ಡಿಯ ಮೇಲಿನ ಜಿಎಸ್‌ಟಿಯನ್ನು ಇದರಲ್ಲಿ ನಾನು ಸೇರಿಸಿಲ್ಲ. ಸೇರಿಸಿದರೆ ಇನ್ನೂ ಇಳಿಯುತ್ತದೆ.

ಬಿಲ್ ಮಾಡುವ ಮೊದಲು ಅಂಗಡಿಯವರು ಹೇಳಿದ್ದ ಒಂದು ಮಾತು ಮಾತ್ರ ಆಮೇಲೆ ಬಹಳ ದಿನ ಕಾಡಿತು. “ಕಾರ್ಡ್ ಉಜ್ಜಿದ್ರೆ ನಮಗೂ ಚಾರ್ಜ್ ಬೀಳ್ತದೆ ಸಾರ್. ಯುಪಿಐ ಮಾಡೋದಾದ್ರೆ ನೂರಕ್ಕೆ ನಾಲ್ಕು ಬಿಟ್ಟುಕೊಡ್ತೀನಿ” ಎಂದಿದ್ದರು. ಹತ್ತರ ಮುಂದೆ ನಾಲ್ಕು ಯಾವ ಲೆಕ್ಕ ಎಂದುಕೊಂಡು ನಾನು ಬೇಡವೆಂದಿದ್ದೆ. ₹38,000ಕ್ಕೆ ನಾಲ್ಕು ಶೇಕಡಾ ಎಂದರೆ ₹1,520. ಅದು ಕ್ಯಾಶ್‌ಬ್ಯಾಕಿಗಿಂತ ₹20 ಹೆಚ್ಚು, ಶುಲ್ಕವಿಲ್ಲ, ಕಾಯುವುದೂ ಇಲ್ಲ.

ಈ ವರ್ಷ ಮನೆಗೆ ಮತ್ತೆ ಸಾಮಾನು ಕೊಳ್ಳಬೇಕಾಗಿ ಬಂದಾಗ, ತೀರ್ಥಹಳ್ಳಿಯಿಂದ ಹೊರಡುವ ಮುಂಚೆಯೇ ಕುಳಿತು ಲೆಕ್ಕ ಹಾಕಿದೆ. ಕೊಡುಗೆ ಹೆಚ್ಚುಕಡಿಮೆ ಹಿಂದಿನದೇ: 10% ಕ್ಯಾಶ್‌ಬ್ಯಾಕ್, ಗರಿಷ್ಠ ₹1,500, ಕನಿಷ್ಠ ವಹಿವಾಟು ₹5,000, ಒಂದು ಕಾರ್ಡಿಗೆ ಒಂದು ಸಲ ಮಾತ್ರ. ಈ ಸಲ ಇಎಂಐ ಕಡ್ಡಾಯವಿರಲಿಲ್ಲ, ಪೂರ್ತಿ ಹಣಕ್ಕೆ ಒಮ್ಮೆಲೇ ಉಜ್ಜಿದರೂ ಅನ್ವಯಿಸುತ್ತಿತ್ತು. ತೋಟದ ಕೂಲಿ, ಗೊಬ್ಬರಗಳ ಲೆಕ್ಕವಿಡುವ ಎಕ್ಸೆಲ್ ಹಾಳೆಯಲ್ಲೇ ಒಂದು ಕಡೆ ಈ ಸೂತ್ರವನ್ನು ಬರೆದುಕೊಂಡೆ; `A2` ಮನೆಯಲ್ಲಿ ಖರೀದಿಯ ಮೊತ್ತ ತುಂಬಿದರೆ ನಿಜವಾಗಿ ಸಿಗುವ ರಿಯಾಯಿತಿಯ ಪ್ರಮಾಣ ಬರುತ್ತದೆ.

```
=IF(A2<5000,0,MIN(A2*10%,1500))/A2
```

ಮೊತ್ತವನ್ನು ಬದಲಿಸುತ್ತಾ ಹೋದಾಗ ಕಂಡದ್ದಿಷ್ಟು. ₹4,999ರವರೆಗೆ ಸೊನ್ನೆ. ₹5,000ಕ್ಕೆ ಒಮ್ಮೆಲೇ ಹತ್ತಕ್ಕೆ ಜಿಗಿದು, ₹15,000ದವರೆಗೂ ಹತ್ತರಲ್ಲೇ ನಿಲ್ಲುತ್ತದೆ. ಗರಿಷ್ಠ ಮೊತ್ತವನ್ನು ಶೇಕಡಾವಾರಿನಿಂದ ಭಾಗಿಸಿದರೆ, ಅಂದರೆ 1,500ನ್ನು 0.10ರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಈ ₹15,000. ಅಲ್ಲಿಂದ ಮುಂದೆ ₹20,000ಕ್ಕೆ 7.5, ₹30,000ಕ್ಕೆ 5, ₹60,000ಕ್ಕೆ 2.5 ಎಂದು ಇಳಿಯುತ್ತಲೇ ಹೋಗುತ್ತದೆ. ಖರೀದಿ ಎರಡು ಪಟ್ಟಾದರೆ ರಿಯಾಯಿತಿಯ ಪ್ರಮಾಣ ಅರ್ಧವಾಗುತ್ತದೆ.

ಆದರೆ ಈ ಸರಾಸರಿ ಪ್ರಮಾಣಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ರೀತಿಯ ನೋಟ. ₹20,000ದ ಖರೀದಿಗೆ 7.5 ಶೇಕಡಾ ಸಿಕ್ಕಿತೆಂದು ಹೇಳಿದಾಗ ಪ್ರತಿ ನೂರು ರೂಪಾಯಿಗೂ ಏಳೂವರೆ ರೂಪಾಯಿ ಬಂದಂತೆ ಕೇಳಿಸುತ್ತದೆ. ನಡೆದದ್ದು ಹಾಗಲ್ಲ. ಮೊದಲ ಹದಿನೈದು ಸಾವಿರದ ಪ್ರತಿ ನೂರಕ್ಕೂ ಹತ್ತು ರೂಪಾಯಿ ಬಂದಿದೆ, ಕೊನೆಯ ಐದು ಸಾವಿರಕ್ಕೆ ಏನೂ ಬಂದಿಲ್ಲ. ಹಾಗಿದ್ದ ಮೇಲೆ ಆ ಐದು ಸಾವಿರವನ್ನು ಕಾರ್ಡಿನಲ್ಲಿಯೇ ಏಕೆ ಕೊಡಬೇಕು? ಅಂಗಡಿಯವರು ಯುಪಿಐಗೆ ನಾಲ್ಕು ಬಿಡುವುದಾದರೆ, ಹದಿನೈದು ಸಾವಿರ ದಾಟಿದ ಮರುಕ್ಷಣವೇ ಯುಪಿಐ ಲಾಭದಾಯಕವಾಗುತ್ತದೆ.

ಹೀಗೆ ಪಾವತಿಯನ್ನು ಒಡೆಯಲು ಅಂಗಡಿಯವರು ಒಪ್ಪದಿದ್ದರೆ, ಪೂರ್ತಿ ಕಾರ್ಡೋ ಪೂರ್ತಿ ಯುಪಿಐಯೋ ಎಂದು ಆರಿಸಬೇಕಾಗುತ್ತದೆ. ಆಗ ನೋಡಬೇಕಾದ ಗಡಿ ಬೇರೆ. 1,500ನ್ನು 0.04ರಿಂದ ಭಾಗಿಸಿದರೆ ₹37,500 ಬರುತ್ತದೆ. ಅದಕ್ಕಿಂತ ಕಡಿಮೆಯ ಖರೀದಿಗೆ (ಕನಿಷ್ಠ ಮೊತ್ತ ದಾಟಿದ್ದರೆ) ಕಾರ್ಡು ಮೇಲು, ಹೆಚ್ಚಿನದಕ್ಕೆ ಅಂಗಡಿಯ ನಾಲ್ಕು ಶೇಕಡಾ ಮೇಲು. ನನ್ನ ಫ್ರಿಜ್ ಆ ಗಡಿಯಿಂದ ಐನೂರು ರೂಪಾಯಿ ಆಚೆಗಿತ್ತು. ಅಂಗಡಿಯವರು ಎರಡೇ ಶೇಕಡಾ ಬಿಡುತ್ತೇನೆಂದರೆ ಗಡಿ ₹75,000ಕ್ಕೆ ಹೋಗುತ್ತದೆ, ಐದು ಬಿಟ್ಟರೆ ₹30,000ಕ್ಕೆ ಇಳಿಯುತ್ತದೆ. ಹಾಗಾಗಿ ಅಂಗಡಿಯಲ್ಲಿ ನಾನೀಗ ಮೊದಲು ಕೇಳುವುದು ಕಾರ್ಡಿನ ಕೊಡುಗೆಯನ್ನಲ್ಲ, ಕಾರ್ಡಿಲ್ಲದೆ ಎಷ್ಟು ಬಿಡುತ್ತೀರಿ ಎಂಬುದನ್ನು.

ಈ ವರ್ಷ ಬೇಕಾಗಿದ್ದದ್ದು ಮೂರು ಸಾಮಾನು. ಆಗುಂಬೆಯ ಕಡೆಯ ಮಳೆ ಹಿಡಿದರೆ ನಮ್ಮಲ್ಲಿ ಎರಡೆರಡು ದಿನ ಕರೆಂಟು ಇರುವುದಿಲ್ಲವಾದ್ದರಿಂದ ಇನ್ವರ್ಟರ್ ಮತ್ತು ಬ್ಯಾಟರಿ, ₹24,000. ವಾಷಿಂಗ್ ಮಷೀನ್, ₹18,000. ಮಿಕ್ಸರ್, ₹4,500. ಒಟ್ಟು ₹46,500. ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಉಜ್ಜಿದರೆ ₹1,500, ಅಂದರೆ 3.23 ಶೇಕಡಾ. ಎಲ್ಲವನ್ನೂ ಯುಪಿಐಯಲ್ಲಿ ಕೊಟ್ಟರೆ ₹1,860. ಇಷ್ಟಕ್ಕೇ ಯುಪಿಐ ಗೆದ್ದಿತ್ತು.

ಎರಡನೆಯ ಕಾರ್ಡಿನ ಯೋಚನೆ ಬಂದದ್ದು ಆಗ. ಮೊದಲು ನನ್ನ ಕಾರ್ಡಿಗೆ ಜೋಡಿಸಿ ಕೊಟ್ಟಿದ್ದ ಆಡ್-ಆನ್ ಕಾರ್ಡನ್ನೇ ಬಳಸಬಹುದೆಂದುಕೊಂಡೆ. ನಿಬಂಧನೆಗಳನ್ನು ಪೂರ್ತಿ ಓದಿದಾಗ, ಆಡ್-ಆನ್ ಕಾರ್ಡಿನ ವಹಿವಾಟನ್ನೂ ಮೂಲ ಕಾರ್ಡಿನ ಮಿತಿಯೊಳಗೇ ಎಣಿಸುತ್ತಾರೆಂಬ ಸಾಲು ಸಿಕ್ಕಿತು. ಎರಡು ಪ್ಲಾಸ್ಟಿಕ್ ತುಂಡುಗಳಿದ್ದರೂ ಮಿತಿ ಒಂದೇ. ಅದೃಷ್ಟಕ್ಕೆ ಶಾಲೆಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಗೆ ಸಂಬಳದ ಖಾತೆಯ ಮೇಲೆ ಅದೇ ಬ್ಯಾಂಕಿನ ಸ್ವಂತ ಕಾರ್ಡಿತ್ತು, ಅದಕ್ಕೆ ಪ್ರತ್ಯೇಕ ಮಿತಿ. ಪಿನ್ ಒತ್ತಲು ಅವಳೇ ಇರಬೇಕಾದ್ದರಿಂದ ಶನಿವಾರ ಮಧ್ಯಾಹ್ನ ಇಬ್ಬರೂ ಸೇರಿ ಬಸ್ಸು ಹತ್ತಿದೆವು. ಬೇರೆ ಬೇರೆ ದಿನ ಹೋಗಿದ್ದರೆ ಎರಡನೆಯ ಓಡಾಟದ ಬಸ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು.

ಅಂಗಡಿಯಲ್ಲಿ ನನ್ನ ಪಟ್ಟಿಯನ್ನು ಮುಂದಿಟ್ಟು, ನನ್ನ ಕಾರ್ಡಿನಲ್ಲಿ ₹15,000, ಹೆಂಡತಿಯ ಕಾರ್ಡಿನಲ್ಲಿ ₹15,000, ಉಳಿದದ್ದನ್ನು ನಾಲ್ಕು ಶೇಕಡಾ ಕಳೆದು ಯುಪಿಐಯಲ್ಲಿ ಕೊಡುತ್ತೇನೆಂದೆ. ಅಂಗಡಿಯವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಬ್ಯಾಂಕಲ್ಲಿ ಕೆಲಸ ಮಾಡ್ತಿದ್ರಾ ಸಾರ್?” ಎಂದು ಕೇಳಿದರು. ಅಡಿಕೆ ತೋಟ ಎಂದಾಗ ನಕ್ಕು ಒಪ್ಪಿಕೊಂಡರು. ಅವರಿಗೂ ನಷ್ಟವಿರಲಿಲ್ಲ, ಕ್ರೆಡಿಟ್ ಕಾರ್ಡಿನ ವಹಿವಾಟಿಗೆ ಅಂಗಡಿಯವರು ಬ್ಯಾಂಕಿಗೆ ಶುಲ್ಕ ತೆರಬೇಕು, ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ಅಂಥ ಶುಲ್ಕವಿಲ್ಲ.

ಹೀಗೆ ಮಾಡಲು ಸಾಧ್ಯವಾದದ್ದು ಈ ಕೊಡುಗೆಯಲ್ಲಿ ಬ್ಯಾಂಕು ನೋಡುತ್ತಿದ್ದದ್ದು ಉಜ್ಜಿದ ಮೊತ್ತವನ್ನೇ ಹೊರತು ಬಿಲ್ಲಿನ ಮೊತ್ತವನ್ನಲ್ಲವಾದ್ದರಿಂದ. ವಸ್ತುವಿನ ಸೀರಿಯಲ್ ನಂಬರನ್ನು ಯಂತ್ರದಲ್ಲಿ ತುಂಬಿ ಕೊಡುವ ಬ್ರ್ಯಾಂಡ್ ಇಎಂಐ ಕೊಡುಗೆಗಳಿಗೂ ಇದು ನಡೆಯುತ್ತದೆಂದು ಊಹಿಸಿಕೊಂಡು ಹೋಗಬಾರದು, ಮೊದಲೇ ಕೇಳಬೇಕು. ಎರಡು ಕಾರ್ಡಿಗೆ ₹3,000, ಉಳಿದ ₹16,500ಕ್ಕೆ ನಾಲ್ಕು ಶೇಕಡಾದಂತೆ ₹660, ಒಟ್ಟು ₹3,660. ಅದು ₹46,500ರ 7.87 ಶೇಕಡಾ. ಒಂದೇ ಕಾರ್ಡಿನಲ್ಲಿ ಸಿಗುತ್ತಿದ್ದ 3.23ರ ಎರಡು ಪಟ್ಟಿಗಿಂತ ಹೆಚ್ಚು.

ಮಿಕ್ಸರಿನ ಮಾತು ಬಂದದ್ದರಿಂದ ನೆರೆಯವರೊಬ್ಬರ ಪ್ರಸಂಗವನ್ನೂ ಹೇಳುತ್ತೇನೆ. ಅವರು ಅದೇ ಕೊಡುಗೆಯಲ್ಲಿ ₹4,500ರ ಮಿಕ್ಸರೊಂದನ್ನೇ ಕೊಂಡು ₹450ಕ್ಕೆ ಕಾದರು. ಕನಿಷ್ಠ ಮೊತ್ತ ತಲುಪದ ಕಾರಣ ಏನೂ ಬರಲಿಲ್ಲ. ಜೊತೆಗೆ ಐನೂರು ರೂಪಾಯಿಯ ಎಕ್ಸ್‌ಟೆನ್ಷನ್ ಬಾಕ್ಸೊಂದನ್ನು ಸೇರಿಸಿ ₹5,000 ಮಾಡಿದ್ದರೆ ₹500 ತಿರುಗಿ ಬಂದು ಆ ಬಾಕ್ಸು ಪುಕ್ಕಟೆಯಾಗುತ್ತಿತ್ತು. ಕನಿಷ್ಠ ಗಡಿಯ ಹತ್ತಿರವಿರುವಾಗ ಮಾತ್ರ ಹೆಚ್ಚು ಕೊಳ್ಳುವುದಕ್ಕೆ ಅರ್ಥವಿದೆ. ₹12,000ದ ಖರೀದಿಯನ್ನು ‘ಮಿತಿ ತುಂಬಲಿ’ ಎಂದು ಬೇಡದ ವಸ್ತುಗಳಿಂದ ₹15,000ಕ್ಕೆ ಏರಿಸಿದರೆ, ₹300 ಪಡೆಯಲು ₹3,000 ಕೊಟ್ಟಂತಾಗುತ್ತದೆ.

ತಿರುಗಿ ಬರುವುದು ಹಣವೋ ಕೂಪನ್ನೋ ಎಂಬುದನ್ನೂ ನೋಡಿಕೊಂಡೆ. ₹15,000ಕ್ಕೆ ₹1,500ರ ಕೂಪನ್ ಕೊಟ್ಟರೆ, ಹದಿನೈದು ಸಾವಿರ ಕೊಟ್ಟು ಹದಿನಾರೂವರೆ ಸಾವಿರದ ಸಾಮಾನು ಪಡೆದಂತೆ. ಪ್ರಮಾಣ ಹತ್ತಲ್ಲ, 9.09. ಕೂಪನ್ ಬಳಸದೆ ಅವಧಿ ಮುಗಿದರೆ ಸೊನ್ನೆ. ನಮ್ಮದು ಕಾರ್ಡಿನ ಖಾತೆಗೇ ಜಮೆಯಾಗುವಂಥದ್ದಾಗಿತ್ತು.

ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡಬಲ್ಲದ್ದು ಕಾರ್ಡಿನ ಬಾಕಿ. ನನ್ನ ಕಾರ್ಡಿನಲ್ಲಿ ಬಡ್ಡಿ ತಿಂಗಳಿಗೆ 3.5 ಶೇಕಡಾ. ₹15,000ವನ್ನು ಒಂದು ತಿಂಗಳು ಬಾಕಿಯಿಟ್ಟರೆ ₹525 ಬಡ್ಡಿ, ಅದರ ಮೇಲೆ ₹94.50 ಜಿಎಸ್‌ಟಿ, ಕ್ಯಾಶ್‌ಬ್ಯಾಕಿನಲ್ಲಿ ಉಳಿಯುವುದು ₹880.50, ಅಂದರೆ ಹತ್ತು ಹೋಗಿ 5.87 ಶೇಕಡಾ, ತಡಪಾವತಿಯ ದಂಡ ಬೇರೆ. ಎರಡನೆಯ ತಿಂಗಳಿಗೂ ಎಳೆದರೆ ಯುಪಿಐಯ ನಾಲ್ಕು ಶೇಕಡಾಕ್ಕಿಂತಲೂ ಕೆಳಗಿಳಿಯುತ್ತದೆ. ಅಡಿಕೆ ಮಾರಿದ ಹಣ ಖಾತೆಗೆ ಬಂದ ಮೇಲೆಯೇ ನಾವು ಹೊರಟದ್ದು ಆ ಕಾರಣಕ್ಕೆ.

ಮನೆಗೆ ಬಂದ ರಾತ್ರಿಯೇ ಎರಡೂ ಚಾರ್ಜ್ ಸ್ಲಿಪ್ಪುಗಳ ಫೋಟೋ ತೆಗೆದಿಟ್ಟೆ. ಆ ಕಾಗದದ ಅಕ್ಷರ ಹೇಗೂ ಮಾಸುತ್ತದೆ, ನಮ್ಮ ಮಳೆಗಾಲದ ತೇವದಲ್ಲಿ ಡ್ರಾಯರಿನೊಳಗೇ ಬೂಷ್ಟು ಹಿಡಿಯುತ್ತದೆ. ಕೊಡುಗೆಯ ಅವಧಿ ಮುಗಿದ 90 ದಿನಗಳೊಳಗೆ ಜಮೆಯಾಗುವುದೆಂದು ನಿಬಂಧನೆಯಲ್ಲಿತ್ತು. ನನ್ನ ₹1,500 ಮೂರನೆಯ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಾಣಿಸಿತು. ಹೆಂಡತಿಯದು ಬರಲಿಲ್ಲ. ತೊಂಬತ್ತು ದಿನ ಮುಗಿದ ಮರುದಿನ ಸ್ಲಿಪ್ಪಿನ ಫೋಟೋ, ಬಿಲ್ಲು ಮತ್ತು ನಿಬಂಧನೆಗಳ ಪುಟವನ್ನು ಸೇರಿಸಿ ಅವಳು ಬ್ಯಾಂಕಿಗೆ ಇ-ಮೇಲ್ ಕಳುಹಿಸಿದಳು; ಹನ್ನೊಂದನೆಯ ದಿನ ಹಣ ಜಮೆಯಾಯಿತು. ಅಲ್ಲಿಯವರೆಗೆ ನನ್ನ ಹಾಳೆಯಲ್ಲಿ 7.87ರ ಬದಲು 4.65 ಎಂದೇ ಬರೆದಿಟ್ಟಿದ್ದೆ.