ಆನ್‌ಲೈನ್ ಡಾಕ್ಟರ್ ಅಸಲಿಯೇ? ಬರೀ ನಂಬರ್ ನೋಡಿದರೆ ಸಾಲದು

ಇಳಕಲ್ಲಿನಲ್ಲಿರುವ ನಮ್ಮ ಕಾಕುಗೆ ಮೊಣಕಾಲು ನೋವು. ಬಾಗಲಕೋಟೆಗೆ ಬಸ್ ಹತ್ತಿ ಬಂದು, ಪಾಳಿ ಹಚ್ಚಿ ಕೂರೋದು ಅವರಿಗೆ ಬೇಡ. ಫೋನಿನಲ್ಲಿ ಯಾವುದೋ ವೆಬ್‌ಸೈಟ್ ಸಿಕ್ಕಿತ್ತು, ಮನೆಯಲ್ಲೇ ಕೂತು ಡಾಕ್ಟರ್ ಜೊತೆ ವಿಡಿಯೊದಲ್ಲಿ ಮಾತಾಡಬಹುದು ಅಂತ. ‘ದುಡ್ಡು ಹಾಕಲೇನಪಾ?’ ಅಂತ ನನಗೆ ಫೋನ್ ಮಾಡಿದರು. ಒಂದರ್ಧ ತಾಸು ತಡೀರಿ ಅಂದೆ. ಆ ಅರ್ಧ ತಾಸಿನಲ್ಲಿ ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ, ಬೇಕಿರುವುದು ಇಂಟರ್ನೆಟ್ ಇರುವ ಒಂದು ಫೋನ್ ಅಷ್ಟೇ.

ಮೊದಲು ವೆಬ್‌ಸೈಟಿನಲ್ಲೇ ಹುಡುಕಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ, ಇಂಥ ತಾಣಗಳು ತಾವು ಪಟ್ಟಿ ಮಾಡಿದ ಪ್ರತಿಯೊಬ್ಬ ಡಾಕ್ಟರ ಹೆಸರು, ಓದು, ನೋಂದಣಿ ಸಂಖ್ಯೆ, ಸಂಪರ್ಕ ವಿವರ ಕೊಡಲೇಬೇಕು. ‘ನಮ್ಮಲ್ಲಿ ಅನುಭವಿ ತಜ್ಞರಿದ್ದಾರೆ’ ಅಂತ ಬರೆದು ನಗುವ ಫೋಟೊ ಹಾಕಿ ಬಿಟ್ಟಿದ್ದರೆ ಮುಂದೆ ಹುಡುಕುವ ಕೆಲಸವೇ ಇಲ್ಲ, ಬಿಟ್ಟುಬಿಡಿ.

ಕಾಕು ಕಳಿಸಿದ ತಾಣದಲ್ಲಿ ಮೂವರ ಹೆಸರಿತ್ತು. ಮೊದಲನೆಯವರು ಮೂಳೆ ಡಾಕ್ಟರು, ಪಾಟೀಲ ಅಂತ. ಎಂಬಿಬಿಎಸ್, ಎಂಎಸ್ ಆರ್ಥೊ, ಕೆಳಗೆ ಐದಂಕಿಯ ನಂಬರ್. ಪಕ್ಕದಲ್ಲಿ ಹಸಿರು ಟಿಕ್ ಮಾರ್ಕು ಬೇರೆ. ಆ ಟಿಕ್ ಅನ್ನು ನಂಬಬೇಡಿ, ಒತ್ತಲೂ ಬೇಡಿ. ಅದು ಕರೆದುಕೊಂಡು ಹೋಗುವ ಪುಟವನ್ನೂ ಅವರೇ ಮಾಡಿರಬಹುದು ಅಲ್ವಾ? ಬ್ರೌಸರಿನಲ್ಲಿ nmc.org.in ಅಂತ ನೀವೇ ಟೈಪ್ ಮಾಡಿ. ಇದು ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾಣ. ಅದರಲ್ಲಿ Information Desk ಅಡಿಯಲ್ಲಿ Indian Medical Register ಸಿಗುತ್ತದೆ. ಡಾಕ್ಟರ ಹೆಸರಿನಿಂದ, ನೋಂದಣಿ ಸಂಖ್ಯೆಯಿಂದ, ರಾಜ್ಯದ ಕೌನ್ಸಿಲಿನಿಂದ ಹೀಗೆ ಬೇರೆ ಬೇರೆ ರೀತಿ ಹುಡುಕಬಹುದು.

ಜಾಸ್ತಿ ಜನ ಎಡವೋದು ಇಲ್ಲೇ. ನಾನೂ ಮೊದಲು ಬರೀ ನಂಬರ್ ಹಾಕಿ ಹುಡುಕಿದೆ. ಬಂತು ನೋಡಿ ಸಾಲು ಸಾಲು! ಕರ್ನಾಟಕದವರೊಬ್ಬರು, ತಮಿಳುನಾಡಿನವರೊಬ್ಬರು, ದೆಹಲಿಯವರೊಬ್ಬರು, ಎಲ್ಲರದ್ದೂ ಅದೇ ನಂಬರ್. ಯಾಕೆಂದರೆ ಈ ನಂಬರ್ ಕೊಡುವುದು ಆಯಾ ರಾಜ್ಯದ ಮೆಡಿಕಲ್ ಕೌನ್ಸಿಲ್, ಪ್ರತಿಯೊಂದೂ ತನ್ನದೇ ಲೆಕ್ಕದಲ್ಲಿ ಎಣಿಸಿಕೊಂಡು ಬಂದಿರುತ್ತದೆ. ದೇಶಕ್ಕೆಲ್ಲ ಒಂದೇ ಸರಣಿ ಇದಲ್ಲ. ಹಾಗಾಗಿ ಕೌನ್ಸಿಲ್ ಹೆಸರಿಲ್ಲದ ನಂಬರ್ ಅಂದರೆ ಊರಿನ ಹೆಸರಿಲ್ಲದ ಮನೆ ನಂಬರ್ ಇದ್ದಂತೆ. ಬಾಯಿಗೆ ಬಂದ ಐದಂಕಿ ಬರೆದರೂ ಎಲ್ಲೋ ಒಬ್ಬ ಡಾಕ್ಟರು ಸಿಕ್ಕೇ ಸಿಗುವ ಸಂಭವ ಜಾಸ್ತಿ, ನಕಲಿ ತಾಣದವರಿಗೆ ಅದೇ ಸಾಕು.

ಹಾಗಾಗಿ ಹೆಸರು, ನಂಬರ್, ಕೌನ್ಸಿಲ್, ಈ ಮೂರೂ ಒಂದೇ ಸಾಲಿನಲ್ಲಿ ಕೂಡಬೇಕು. ಕರ್ನಾಟಕ ಕೌನ್ಸಿಲ್ ಆರಿಸಿ ಪಾಟೀಲರ ನಂಬರ್ ಹಾಕಿದೆ, ಬೇರೆ ಯಾರೋ ಹೆಣ್ಣುಮಗಳ ಹೆಸರು ಬಂತು. ನಮ್ಮ ಕಡೆ ಮೀರಜ್, ಸಾಂಗ್ಲಿ, ಕೊಲ್ಲಾಪುರದ ಡಾಕ್ಟರರೂ ಇರುತ್ತಾರೆ, ಮಹಾರಾಷ್ಟ್ರದಲ್ಲಿ ನೋಂದಾಯಿಸಿದವರು ಬೆಳಗಾವಿಯ ರೋಗಿಗೆ ಆನ್‌ಲೈನಿನಲ್ಲಿ ಸಲಹೆ ಕೊಡುವುದು ತಪ್ಪಲ್ಲ. ಅದಕ್ಕೆ ಮಹಾರಾಷ್ಟ್ರವನ್ನೂ ಆರಿಸಿದೆ, ಅಲ್ಲೂ ಇಲ್ಲ. ಕೊನೆಗೆ ತಾಣದ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ‘ಯಾವ ಕೌನ್ಸಿಲ್ರಿ?’ ಅಂತ ಕೇಳಿದೆ. ‘ಇಂಡಿಯಾ ಕೌನ್ಸಿಲ್ ಸರ್’ ಅಂದ ಹುಡುಗ. ಮೊದಲಿದ್ದ ಭಾರತೀಯ ವೈದ್ಯಕೀಯ ಮಂಡಳಿ 2020ರಲ್ಲಿ ಹೋಗಿ ಆಯೋಗ ಬಂದಿದೆ, ಆದರೂ ಹಳೆಯ ನೋಂದಣಿಗಳು ಆ ಹೆಸರಿನಲ್ಲೂ ಇವೆ. ಸುಮ್ನೆ ಅನುಮಾನ ಪಡುವುದು ಬೇಡ ಅಂತ ಅದನ್ನೂ ನೋಡಿದೆ. ಪಾಟೀಲರು ಅಲ್ಲೂ ಇರಲಿಲ್ಲ.

ಹೆಸರಿನಿಂದ ಹುಡುಕುವಾಗ ಒಂದು ಎಚ್ಚರಿಕೆ. ರಿಜಿಸ್ಟರಿನಲ್ಲಿ ಇರುವುದು ಇಂಗ್ಲಿಷ್ ಕಾಗುಣಿತ. Patil ಇದ್ದದ್ದು Pateel ಆಗಿರಬಹುದು, ಅಡ್ಡಹೆಸರು ಮೊದಲಿಗೆ ಬಂದಿರಬಹುದು, ಮದುವೆಗೆ ಮುಂಚಿನ ಹೆಸರೇ ಉಳಿದಿರಬಹುದು. ಒಂದು ಅಕ್ಷರ ತಪ್ಪಿತು ಅಂತ ನಕಲಿ ಎಂದು ಕೂಗಬೇಡಿ. ಈಚೆಗೆ ಪಾಸಾದವರ ಹೆಸರು ಈ ಪಟ್ಟಿಗೆ ಬರಲು ತಡವಾಗುವುದೂ ಉಂಟು. ಆಗ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲೇ ವಿಚಾರಿಸಿ. ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್ ಅಂತ 2024ರಲ್ಲಿ ಶುರುವಾದ ಹೊಸ ಪೋರ್ಟಲ್ ಬೇರೆಯೇ ಇದೆ. ಡಾಕ್ಟರರು ತಾವಾಗಿ ಅರ್ಜಿ ಹಾಕಿ ಅದಕ್ಕೆ ಸೇರಬೇಕು, ಹಾಗಾಗಿ ಅದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಏನೂ ತೀರ್ಮಾನ ಮಾಡಬೇಡಿ.

ತಾಣದಲ್ಲಿದ್ದ ಎರಡನೆಯವರು ಬಿಎಚ್‌ಎಂಎಸ್. ಹೋಮಿಯೊಪಥಿ, ಆಯುರ್ವೇದ, ಯುನಾನಿಯವರು ಮೆಡಿಕಲ್ ಕೌನ್ಸಿಲ್ ಪಟ್ಟಿಯಲ್ಲಿ ಇರುವುದೇ ಇಲ್ಲ, ಅವರಿಗೆ ಅವರದೇ ಮಂಡಳಿಗಳಿವೆ. ಹಲ್ಲಿನ ಡಾಕ್ಟರಿಗೂ ಬೇರೆ ಡೆಂಟಲ್ ಕೌನ್ಸಿಲ್. ಆ ಎರಡನೆಯವರು ಇಲ್ಲಿ ಸಿಗದಿರುವುದು ತಪ್ಪಲ್ಲ. ಹೆಸರಿನ ಮುಂದೆ ಬಿಎಚ್‌ಎಂಎಸ್ ಅಂತ ಬರೆದು ‘ಮೂಳೆ ತಜ್ಞರು’ ಅಂತ ತೋರಿಸಿದ್ದರಲ್ಲ, ತಪ್ಪು ಅದು.

ಮೂರನೆಯವರದ್ದು ನನಗೂ ತಲೆ ತಿಂದಿತು. ಹೆಸರು, ನಂಬರ್, ಕರ್ನಾಟಕ ಕೌನ್ಸಿಲ್, ಮೂರೂ ಕರೆಕ್ಟ್. ಅಲ್ಲಿಗೇ ನಿಲ್ಲಿಸಿದ್ದರೆ ಮೋಸ ಹೋಗುತ್ತಿದ್ದೆ. ಸಾಲಿನ ಕೊನೆಯಲ್ಲಿ View ಅಂತ ಇರುತ್ತದೆ, ಒತ್ತಿ. ಡಿಗ್ರಿ, ಅದರ ವರ್ಷ, ವಿಶ್ವವಿದ್ಯಾಲಯ ಎಲ್ಲ ತೆರೆದುಕೊಳ್ಳುತ್ತದೆ. ಇವರ ಎಂಬಿಬಿಎಸ್ 1986ರದ್ದು. ತಾಣದ ಫೋಟೊದಲ್ಲಿದ್ದವನಿಗೆ ಹೆಚ್ಚೆಂದರೆ ಮೂವತ್ತೈದು! ತಾಣದಲ್ಲಿ ಇವರ ಡಿಗ್ರಿ ‘ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ’ದ್ದು ಅಂತಲೂ ಬರೆದಿದ್ದರು. ಆ ವಿಶ್ವವಿದ್ಯಾಲಯ ಹುಟ್ಟಿದ್ದೇ 1996ರಲ್ಲಿ. ಇಂಥ ಲೆಕ್ಕ ನಮ್ಮೂರಿನ ಕಾಲೇಜುಗಳಿಗೂ ಹಾಕಬಹುದು. ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಶುರುವಾಗಿದ್ದು 2002ರಲ್ಲಿ, ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು, ಅಲ್ಲಿ 2004ರಲ್ಲಿ ಎಂಬಿಬಿಎಸ್ ಮುಗಿಸಿದೆ ಅಂದರೆ ನಂಬುವ ಮಾತಲ್ಲ.

ಅಸಲಿ ಡಾಕ್ಟರರ ಹೆಸರು, ನಂಬರ್ ಎರಡನ್ನೂ ಕದ್ದರೆ ರಿಜಿಸ್ಟರ್ ಒಂದರಿಂದ ಗೊತ್ತಾಗಲ್ಲ. ಆಗ ಆ ಡಾಕ್ಟರ ಕ್ಲಿನಿಕ್ ಎಲ್ಲಿದೆ ಅಂತ ಬೇರೆ ಕಡೆ ಹುಡುಕಿ ಫೋನ್ ಮಾಡಬೇಕು. ತಾಣದಲ್ಲಿ ಕೊಟ್ಟ ನಂಬರಿಗಂತೂ ಅಲ್ಲ. ನಾನು ಮಾಡಿದೆ. ಎತ್ತಿದ ಹೆಣ್ಣುಮಗಳು ಪೂರ್ತಿ ಕೇಳುವ ಮೊದಲೇ ‘ನಮ್ಮ ಸರ್ ಆನ್‌ಲೈನ್ ನೋಡೂದೇ ಇಲ್ರೀ, ನೀವು ಇವತ್ತಿಗೆ ಎರಡನೇದವರು ಕೇಳಾಕತ್ತಿದ್ದು’ ಅಂದಳು.

ತಜ್ಞರು ಅಂತ ಬರೆದು ರಿಜಿಸ್ಟರಿನಲ್ಲಿ ಬರೀ ಎಂಬಿಬಿಎಸ್ ಇದ್ದರೆ? ಎಂಡಿ, ಎಂಎಸ್ ಮಾಡಿದವರು ಅದನ್ನೂ ಕೌನ್ಸಿಲಿನಲ್ಲಿ ಸೇರಿಸಬೇಕು, ಕೆಲವರದ್ದು ಪಟ್ಟಿಯಲ್ಲಿ ಇನ್ನೂ ಏರಿರುವುದಿಲ್ಲ. ನೇರವಾಗಿ ಕೇಳಿ. ವಿಡಿಯೊ ಶುರುವಾದಾಗ ತಮ್ಮ ಹೆಸರು, ಓದು ಹೇಳಬೇಕಾದ್ದು ಡಾಕ್ಟರರೇ, ಕೇಳಿದರೆ ಸಿಟ್ಟಾಗುವಂಥದ್ದೇನೂ ಇಲ್ಲ. ಕೊಟ್ಟ ಚೀಟಿಯಲ್ಲೂ ನೋಂದಣಿ ಸಂಖ್ಯೆ ಇರಬೇಕು, ಅದು ತಾಣದಲ್ಲಿದ್ದದ್ದೇನಾ ಅಂತ ಹೋಲಿಸಿ. ಒಬ್ಬರು ಮಾತಾಡಿ ಇನ್ನೊಬ್ಬರ ನಂಬರಿನಲ್ಲಿ ಚೀಟಿ ಬಂದಿದ್ದರೆ ಔಷಧಿ ತರಬೇಡಿ.

ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಮೆಡಿಕಲ್ ಕೌನ್ಸಿಲ್ ವಿಚಾರಣೆ ಮಾಡುವುದು ತನ್ನಲ್ಲಿ ನೋಂದಾಯಿಸಿದ ಡಾಕ್ಟರರನ್ನು. ಡಾಕ್ಟರೇ ಅಲ್ಲದವನ ಮೇಲಿನ ದೂರು ಪೊಲೀಸರಿಗೆ ಅಥವಾ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಬೇಕು. ತಾಣದ ಪುಟದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ, ದೂರು ಹೋದ ಮೇಲೆ ಪುಟ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ.

ಕಾಕು ದುಡ್ಡು ಹಾಕಲಿಲ್ಲ. ಮರುದಿನ ಇಳಕಲ್ಲಿನಲ್ಲೇ ಒಬ್ಬ ಮೂಳೆ ಡಾಕ್ಟರಲ್ಲಿಗೆ ಹೋಗಿ, ಒಳಗೆ ಹೋಗುವ ಮೊದಲು ಗೋಡೆಯ ಬೋರ್ಡಿನ ಫೋಟೊ ತೆಗೆದು ನನಗೆ ಕಳಿಸಿದರು. ‘ಇದನ್ನೂ ಒಂಚೂರು ನೋಡಪಾ, ನನ್ನ ಪಾಳಿ ಏಳನೇದು.’