ಟಿವಿಯಲ್ಲಿ ಊರು ಹುಡುಕುವ ಆಟ ಆಡಿಸುವುದು ಹೇಗೆ

ಮನೆಯಲ್ಲಿ ಕ್ವಿಜ್ ಹುಚ್ಚಿನವರಿದ್ದರೆ, ರಾಜಧಾನಿ ಯಾವುದು, ನದಿ ಯಾವುದು ಅಂತ ಕೇಳಿ ಕೇಳಿ ಎಲ್ಲರಿಗೂ ಉತ್ತರ ಬಾಯಿಪಾಠ ಆಗಿರುತ್ತದೆ. ಅಂಥ ಮನೆಗೆ ನಾನು ಹೇಳುವುದು ಒಂದೇ ಆಟ. ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂನಲ್ಲಿ ಎಲ್ಲಿಯದೋ ಒಂದು ರಸ್ತೆ ತೋರಿಸಿ, ಇದು ಯಾವ ಊರು ಅಂತ ಹುಡುಕಿಸುವುದು. ದುಡ್ಡು ಕೊಟ್ಟು ಆಡುವ ಇಂಥ ಆಟಗಳೂ ಇವೆ. ಆದರೆ ಮನೆಮಂದಿಗೆ ತಕ್ಕ ಹಾಗೆ ಊರು ಆರಿಸಬೇಕು ಅಂದರೆ ಮನೆಯವರೇ ಆಡಿಸುವುದು ಚೆನ್ನ.

ಮೊಬೈಲ್‌ನಿಂದ ಟಿವಿಗೆ ಹಾಕಿದರೆ ಚಿತ್ರ ತಡವಾಗಿ ಬರುತ್ತದೆ, ಮಕ್ಕಳಿಗೆ ತಲೆ ತಿರುಗುತ್ತದೆ. ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ವೈರ್ ಹಾಕಿ. ವಿಂಡೋಸ್ ಆದರೆ Windows + P ಒತ್ತಿ Extend ಆರಿಸಿ. ಆಗ ಊರು ಹುಡುಕುವ ಕೆಲಸ ಲ್ಯಾಪ್‌ಟಾಪ್‌ನಲ್ಲೇ ಗುಟ್ಟಾಗಿ ಮುಗಿಯುತ್ತದೆ. ಆಮೇಲೆ ಆ ಕಿಟಕಿಯನ್ನು ಮೌಸ್‌ನಿಂದ ಟಿವಿ ಕಡೆ ಎಳೆದು F11 ಒತ್ತಿ. ಮೇಲಿನ ವಿಳಾಸದ ಸಾಲು ಮರೆಯಾಗುತ್ತದೆ. ಅದರಲ್ಲಿ ಅಕ್ಷಾಂಶ, ರೇಖಾಂಶ ಎರಡೂ ಇರುತ್ತವೆ, ಚುರುಕು ಹುಡುಗರು ಅದನ್ನೇ ಓದಿಬಿಡುತ್ತಾರೆ. ಇಷ್ಟಾದರೂ ಎಡ ಮೂಲೆಯಲ್ಲಿ ಊರಿನ ಹೆಸರು, ಕೆಳಗೆ ಚಿಕ್ಕ ನಕ್ಷೆ ಉಳಿದಿರುತ್ತವೆ. ಹಳೆ ಲಗ್ನಪತ್ರಿಕೆಯ ರಟ್ಟು ಮಡಚಿ ಟಿವಿಯ ಮೇಲಂಚಿಗೆ ತೂಗಿಬಿಡಿ, ಕೆಳಗೆ ಇನ್ನೊಂದನ್ನು ಒರಗಿಸಿ. ಪರದೆಗೆ ಟೇಪ್ ಮಾತ್ರ ಅಂಟಿಸಬೇಡಿ.

ಊರು ಆರಿಸುವಾಗ, ನಕ್ಷೆಯ ಕೆಳಗಿನ ಬಲ ಮೂಲೆಯಲ್ಲಿರುವ ಹಳದಿ ಬೊಂಬೆಯನ್ನು ಮೌಸ್‌ನಿಂದ ಎತ್ತಿ ಹಿಡಿದರೆ ನಕ್ಷೆಯಲ್ಲಿ ನೀಲಿ ಗೆರೆಗಳು ಕಾಣುತ್ತವೆ. ಬೊಂಬೆಯನ್ನು ಗೆರೆಯ ಮೇಲೇ ಬಿಡಿ. ನೀಲಿ ಚುಕ್ಕೆ ಅಂದರೆ ಯಾರೋ ಹಾಕಿದ ಒಂದೇ ಫೋಟೋ, ಅಲ್ಲಿಂದ ಮುಂದಕ್ಕೆ ನಡೆಯಲು ಆಗುವುದಿಲ್ಲ. ಪೇಟೆಯ ನಡುವೆ ಬಿಟ್ಟರೆ ಬೋರ್ಡ್ ಓದಿ ಆಟ ಮುಗಿಯುತ್ತದೆ, ಬರೀ ಹೊಲದಲ್ಲಿ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಊರು ಮುಗಿದು ಹೊಲ ಶುರುವಾಗುವ ಜಾಗ ಹದವಾದದ್ದು.

ನಮ್ಮ ಬಳ್ಳಾರಿಯ ಮಕ್ಕಳಿಗೆ ಈ ಆಟದಲ್ಲಿ ಒಂದು ಬಲ ಇದೆ. ಕನ್ನಡ, ತೆಲುಗು ಎರಡೂ ಬೋರ್ಡ್ ನೋಡಿಯೇ ಬೆಳೆದವರು. ತೆಲುಗಿನ ಅಕ್ಷರದ ತಲೆ ಮೇಲೆ ಟಿಕ್ ಹಾಕಿದಂಥ ಗುರುತು ಇರುತ್ತದೆ, ನಮ್ಮದಕ್ಕೆ ಅಡ್ಡ ತಲೆಕಟ್ಟು. ಮೈಲಿಗಲ್ಲನ್ನೂ ನೋಡಲು ಕಲಿಸಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಸಿರುಗುಪ್ಪಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೇ ತೋರಿಸಬಹುದು, ಅದು 150ಎ ಹೆದ್ದಾರಿ. ನಮ್ಮ ದೇಶದಲ್ಲಿ ಈ ರಸ್ತೆ ಚಿತ್ರಗಳು ಸರಿಯಾಗಿ ಬಂದದ್ದೇ 2022ರಲ್ಲಿ, ಹಾಗಾಗಿ ಎಲ್ಲ ಊರೂ ಸಿಗುವುದಿಲ್ಲ.

ಒಂದು ಸುತ್ತು ಹೇಗೆ ಸಾಗುತ್ತದೆ ಹೇಳುತ್ತೇನೆ. ಕ್ಯಾಂಡಿ ಹತ್ತಿರದ ರಸ್ತೆ ಹಾಕಿದ್ದೆ. ತೆಂಗಿನ ಮರ, ಹಸಿರು ಗುಡ್ಡ, ಆಟೋ, ಗುಂಡುಗುಂಡಾದ ಅಕ್ಷರ. ಚಿಕ್ಕ ಮೊಮ್ಮಗ, "ಅಜ್ಜಿ, ಕೇರಳ!" ಅಂತ ಕೂಗಿ ನಕ್ಷೆಯಲ್ಲಿ ಪಾಲಕ್ಕಾಡ್ ಮೇಲೆ ಬೆರಳಿಟ್ಟ. ಅವನಕ್ಕ ಸ್ವಲ್ಪ ಮುಂದೆ ಹೋಗೋಣ ಅಂದಳು. ಒಂದು ಬೋರ್ಡ್ ಸಿಕ್ಕಿತು. ಮೇಲೆ ಆ ಗುಂಡಕ್ಷರ, ನಡುವೆ ತಮಿಳು, ಕೆಳಗೆ ಇಂಗ್ಲಿಷ್. ಮೂರು ಭಾಷೆ ಈ ಕ್ರಮದಲ್ಲಿ ಬಂದರೆ ಅದು ಶ್ರೀಲಂಕಾ, ಮೇಲಿನದು ಸಿಂಹಳ. ಅವಳು ಕೊಲಂಬೊ ಅಂದಳು. ನಕ್ಷೆಯಲ್ಲಿ ರೈಟ್ ಕ್ಲಿಕ್ ಮಾಡಿ Measure distance ಒತ್ತಿ ಅಳೆದರೆ ಅವಳದು ಸುಮಾರು 95 ಕಿಲೋಮೀಟರ್ ದೂರ, ಅವನದು 580ರ ಆಸುಪಾಸು. ನಮ್ಮಲ್ಲಿ ದೇಶ ಸರಿ ಹೇಳಿದರೆ ಎರಡು ಅಂಕ, ಎಲ್ಲರಿಗಿಂತ ಹತ್ತಿರ ಹೋದರೆ ಇನ್ನೊಂದು. ಹತ್ತು ವರ್ಷದ ಒಳಗಿನವರು ಖಂಡ ಸರಿ ಹೇಳಿದರೂ ಒಂದು ಅಂಕ ಕೊಡಿ, ಇಲ್ಲದಿದ್ದರೆ ಎದ್ದು ಹೋಗುತ್ತಾರೆ. ಉತ್ತರವನ್ನು ಸ್ಲೇಟಿನಲ್ಲಿ ಬರೆಸಿ. ಬಾಯಲ್ಲಿ ಹೇಳಿಸಿದರೆ ಮೊದಲು ಕೂಗಿದವರ ಹಿಂದೆ ಎಲ್ಲರೂ ಹೋಗುತ್ತಾರೆ.

ನೆರಳಿನ ಸುಳಿವು ದೊಡ್ಡವರೂ ತಪ್ಪುವ ಜಾಗ. ಪರದೆಯ ದಿಕ್ಸೂಚಿಯ ಕೆಂಪು ಮುಳ್ಳು ಉತ್ತರ ತೋರಿಸುತ್ತದೆ. ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿದ್ದರೆ ಉತ್ತರ ಗೋಳ, ಉತ್ತರಕ್ಕಿದ್ದರೆ ದಕ್ಷಿಣ ಗೋಳ ಅಂತ ಹೇಳಿಕೊಡುತ್ತಾರೆ. ರಷ್ಯಾಕ್ಕೆ, ದಕ್ಷಿಣ ಆಫ್ರಿಕಾಕ್ಕೆ ಅದು ಸರಿ. ಆದರೆ ಬಳ್ಳಾರಿ ಇರುವುದು 15 ಡಿಗ್ರಿ ಉತ್ತರದಲ್ಲಿ. ಮೇ ತಿಂಗಳ ಆರಂಭದಿಂದ ಆಗಸ್ಟ್ ನಡುವಿನವರೆಗೆ ನಮ್ಮ ನೆತ್ತಿಯಿಂದಲೂ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಜೂನ್‌ನಲ್ಲಿ ನಡು ಮಧ್ಯಾಹ್ನ ಅಂಗಳದಲ್ಲಿ ಕೋಲು ನೆಟ್ಟರೆ ನೆರಳು ಸ್ವಲ್ಪ ದಕ್ಷಿಣಕ್ಕೆ ಬೀಳುವುದನ್ನು ಮಕ್ಕಳೇ ನೋಡಬಹುದು. ಹಾಗಾಗಿ ತೆಂಗು, ಬಾಳೆ ಕಾಣುವ ಬಿಸಿ ನಾಡಾದರೆ ನೆರಳನ್ನು ನಂಬಬೇಡಿ. ಗಾಡಿ ಯಾವ ಕಡೆ ಓಡುತ್ತದೆ, ಅಕ್ಷರ ಯಾವುದು ಅಂತ ಮೊದಲು ನೋಡಿ. ಎಡಕ್ಕೆ ಓಡಿದರೆ ನಮ್ಮ ದೇಶವೇ ಅಂತಲೂ ಅಲ್ಲ, ಥಾಯ್ಲೆಂಡ್, ಇಂಡೋನೇಷ್ಯಾ, ಕೀನ್ಯಾ, ಜಪಾನ್‌ನಲ್ಲೂ ಎಡಕ್ಕೇ ಓಡಿಸುತ್ತಾರೆ.

ಒಂದು ಕೂರಿಕೆಗೆ ಐದು ಸುತ್ತು ಸಾಕು, ಸುತ್ತಿಗೆ ಮೂರು ನಿಮಿಷ. ಒಗ್ಗರಣೆ ಮಿರ್ಚಿ ಐದನೆಯ ಸುತ್ತು ಮುಗಿದ ಮೇಲೆ ತನ್ನಿ, ಎಣ್ಣೆ ಕೈಯಲ್ಲಿ ಮೌಸ್ ಹಿಡಿಯುವುದು ಬೇಡ. ಆಡಿಸುವ ಸರದಿ ಮಕ್ಕಳಿಗೂ ಬರಲಿ. ಊರು ಆರಿಸುವವರು ಅದರ ಮೂರು ಸುಳಿವುಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮೂರು ಸಿಗದಿದ್ದರೆ ಆ ಊರು ಬಿಟ್ಟು ಬೇರೆ ಹುಡುಕಲಿ.